ಸಂಬಳ ತಡವಾಗಿದೆ, ಬಾಡಿಗೆಗೆ ಯಾವ ತಾರೀಖು ಹೇಳಲಿ?

ಪ್ರಶ್ನೆ: ಮಂಗಳೂರಿನ ಬೈಕಂಪಾಡಿಯ ಒಂದು ಕಂಪನಿಯಲ್ಲಿ ನನ್ನ ಕೆಲಸ, ಸಂಬಳ 38,000. ಕುಲಶೇಖರದಲ್ಲಿ ಅಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಬಾಡಿಗೆ 14,000, ಪ್ರತಿ ತಿಂಗಳು 5ರೊಳಗೆ ಕೊಡಬೇಕು. ಅಡ್ವಾನ್ಸ್ 70,000 ಇದೆ. ಮೇ ತಿಂಗಳ ಸಂಬಳ ಜೂನ್ 18, ಗುರುವಾರದೊಳಗೆ ಆಗುತ್ತದೆ ಎಂದು ಎಚ್‌ಆರ್ ಮೇಲ್ ಬಂದಿದೆ. ಕೈಯಲ್ಲಿರುವುದು 11,500. ಅದರಲ್ಲಿ 10ನೇ ತಾರೀಖು ಸ್ಕೂಟರ್ ಕಂತು 3,200 ಹೋಗುತ್ತದೆ. ಅಗ್ರಿಮೆಂಟಿನಲ್ಲಿ ತಡವಾದರೆ ದಿನಕ್ಕೆ 100 ರೂಪಾಯಿ, ಎರಡು ತಿಂಗಳ ಬಾಡಿಗೆ ಬಾಕಿಯಾದರೆ ಮನೆ ಬಿಡಬೇಕು ಎಂದಿದೆ. ಆಗಸ್ಟ್ ಕೊನೆಗೆ ಅಗ್ರಿಮೆಂಟ್ ಮುಗಿಯುತ್ತದೆ. ಓನರ್ ಮೇಲಿನ ಮನೆಯಲ್ಲೇ ಇದ್ದಾರೆ. ಒಳ್ಳೆಯವರು, ಆದರೆ ಲೆಕ್ಕದಲ್ಲಿ ಕಟ್ಟುನಿಟ್ಟು. ಈವರೆಗೆ ಒಮ್ಮೆಯೂ ತಡ ಮಾಡಿಲ್ಲ. "ಅಡ್ವಾನ್ಸಿನಲ್ಲಿ ಹಿಡ್ಕೊಳ್ಳಿ ಅಂತ ಹೇಳು" ಎನ್ನುತ್ತಾಳೆ ಆಫೀಸಿನ ಗೆಳತಿ. ಹಾಗೆ ಹೇಳಬಹುದಾ? ಅಥವಾ 18ಕ್ಕೆ ಕೊಡುತ್ತೇನೆ ಎಂದು ಸಮಯ ಕೇಳಲಾ? ಬೀಗ ಹಾಕಿಬಿಟ್ಟರೆ ಎಂಬ ಹೆದರಿಕೆಯೂ ಇದೆ.

ಉತ್ತರ: ಸಮಯ ಕೇಳಿ. ಆದರೆ 18 ಎಂದು ಹೇಳಬೇಡಿ.

18 ನಿಮ್ಮ ಕಂಪನಿಯ ತಾರೀಖು. ಅದು ತಪ್ಪಿದರೆ ಕಂಪನಿ ಇನ್ನೊಂದು ಮೇಲ್ ಕಳಿಸುತ್ತದೆ, ಅಷ್ಟೇ. ಮೆಟ್ಟಿಲಲ್ಲಿ ಓನರ್ ಎದುರು ಸಿಕ್ಕಾಗ ಮಾತು ತಪ್ಪಿದವರು ಮಾತ್ರ ನೀವಾಗುತ್ತೀರಿ. ಬಾಡಿಗೆ ತಕರಾರುಗಳನ್ನು ನೋಡುವ ವಕೀಲನಾಗಿ ನಾನು ಕಂಡದ್ದು ಇದು: ಹೆಚ್ಚಿನ ಓನರ್‌ಗಳು ಮೊದಲ ಸಲ ಸಮಯ ಕೇಳಿದಾಗ ಕೊಡುತ್ತಾರೆ. ಮಾತು ಕೆಡುವುದು ಕೊಟ್ಟ ತಾರೀಖು ಜಾರಿ, ಎರಡನೇ ತಾರೀಖು ಹೇಳಬೇಕಾಗಿ ಬಂದಾಗ. ಹಾಗಾಗಿ ಸಂಬಳ ಬರಲಿ ಬಿಡಲಿ, ಆ ದಿನ ದುಡ್ಡು ಕೊಡಲು ನಿಮ್ಮಿಂದ ಆಗುತ್ತದಾ ಎಂದು ಮೊದಲು ನೋಡಿಕೊಂಡು, ಆಮೇಲೆ ತಾರೀಖು ಹೇಳಿ.

ಅದಕ್ಕೆ ಮೊದಲು ಬೀಗದ ಹೆದರಿಕೆ ಮುಗಿಸಿಬಿಡೋಣ. ಬಾಡಿಗೆ ಎಷ್ಟೇ ಬಾಕಿ ಇರಲಿ, ಓನರ್ ತಾನೇ ಬೀಗ ಹಾಕುವ ಹಾಗಿಲ್ಲ, ಸಾಮಾನು ಹೊರಗೆ ಹಾಕುವ ಹಾಗಿಲ್ಲ. ಮನೆ ಖಾಲಿ ಮಾಡಿಸಬೇಕಾದರೆ ಕೋರ್ಟಿನ ಮೂಲಕವೇ ಆಗಬೇಕು. ಹಾಗಲ್ಲದೆ ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಕೇಳಬಹುದು. ಕೆಲವು ದಿನದ ತಡಕ್ಕೆ ಯಾರೂ ಅಲ್ಲಿವರೆಗೆ ಹೋಗುವುದಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ. "ರೆಂಟ್ ಆಕ್ಟ್ ಇದೆ, ನೋಟಿಸ್ ಕೊಟ್ಟ ಮೇಲೂ ಎರಡು ತಿಂಗಳು ಟೈಮ್ ಸಿಗುತ್ತದೆ" ಎಂದು ಕೆಲವರು ಧೈರ್ಯ ಹೇಳುತ್ತಾರೆ. ಕರ್ನಾಟಕ ಬಾಡಿಗೆ ಕಾಯ್ದೆ, 1999ರಲ್ಲಿ ಅಂಥ ಎರಡು ತಿಂಗಳ ಅವಕಾಶ ಇರುವುದು ನಿಜ. ಆದರೆ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇವತ್ತು ಮಂಗಳೂರಿನಲ್ಲಿ ಆ ದರಕ್ಕೆ ಎಂತ ಮನೆ ಸಿಗುತ್ತದೆ ಹೇಳಿ! ನಿಮ್ಮದು 14,000ದ ಮನೆ. ಅದಕ್ಕೆ ನಡೆಯುವುದು ನಿಮ್ಮ ಅಗ್ರಿಮೆಂಟ್ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬಾಡಿಗೆಯನ್ನು ಹೇಳಿದ ಸಮಯಕ್ಕೆ ಕೊಡುವುದು ಬಾಡಿಗೆದಾರರ ಹೊಣೆ ಎಂದು ಆ ಕಾಯ್ದೆ ನೇರವಾಗಿ ಹೇಳುತ್ತದೆ. ಸಂಬಳ ತಡವಾಯಿತು ಎಂಬ ಕಾರಣಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ. ಓನರ್ ಒಪ್ಪಿದರೆ ಮಾತ್ರ ಸಮಯ. ಹಾಗೆ ಒಪ್ಪಲು ಒಪ್ಪಂದ ಕಾಯ್ದೆಯ 63ನೇ ಕಲಮು ಅವರಿಗೆ ದಾರಿ ಕೊಟ್ಟಿದೆ. ಹಣ ಪಡೆಯಬೇಕಾದವರು ಬದಲಿಗೆ ಏನೂ ತೆಗೆದುಕೊಳ್ಳದೆ ಗಡುವನ್ನು ಮುಂದಕ್ಕೆ ಹಾಕಬಹುದು. ಹೊಸ ಅಗ್ರಿಮೆಂಟ್ ಬೇಡ, ಸ್ಟಾಂಪ್ ಪೇಪರ್ ಬೇಡ.

ಈಗ ಅಡ್ವಾನ್ಸ್ ವಿಷಯ. ಗೆಳತಿಯ ಮಾತು ಕೇಳಲು ಚೆನ್ನಾಗಿದೆ, ಐದು ತಿಂಗಳ ಬಾಡಿಗೆ ಓನರ್ ಕೈಯಲ್ಲೇ ಇದೆಯಲ್ಲ ಎಂದು. ಆದರೆ ಆ ದುಡ್ಡು ಇರುವುದು ನೀವು ಮನೆ ಬಿಡುವ ದಿನದ ಲೆಕ್ಕಕ್ಕೆ. ಮೆಸ್ಕಾಂ ಬಿಲ್, ನೀರಿನ ಬಿಲ್, ಪೇಂಟಿಂಗ್, ಒಡೆದದ್ದು ಹರಿದದ್ದು ಎಲ್ಲ ಅದರಲ್ಲಿ. ಸಾಮಾನ್ಯವಾಗಿ ಅಗ್ರಿಮೆಂಟಿನಲ್ಲಿ "ಬಾಕಿ ಕಳೆದು ಉಳಿದದ್ದನ್ನು ಹಿಂತಿರುಗಿಸುವುದು" ಎಂದು ಬರೆದಿರುತ್ತದೆ. ಕಳೆಯುವ ಹಕ್ಕು ಅಲ್ಲಿ ಓನರ್‌ಗೆ. ನಡುವೆ ಕಳೆಯಿರಿ ಎಂದು ನೀವು ಒತ್ತಾಯಿಸಲು ಆಗುವುದಿಲ್ಲ. ಮನೆ ಬಿಡುವ ಮೊದಲಿನ ಒಂದೆರಡು ತಿಂಗಳು ಅಡ್ವಾನ್ಸಿನಲ್ಲಿ ವಜಾ ಮಾಡುವ ರೂಢಿ ನಮ್ಮಲ್ಲಿದೆ. ಅದಕ್ಕೇ ಜೂನ್‌ನಲ್ಲಿ ನೀವು ಆ ಮಾತೆತ್ತಿದರೆ ಲೆಕ್ಕದ ಓನರ್‌ಗೆ ಕೇಳಿಸುವುದು ಬೇರೆಯೇ: ಇವರು ಮನೆ ಬಿಡುವ ಯೋಚನೆಯಲ್ಲಿದ್ದಾರೆ. ಆ ಮಾತು ಬೇಡ.

ಇನ್ನು ತಾರೀಖು ಎಲ್ಲಿ ಇಡುವುದು? ಎರಡು ಗೆರೆ ಹಾಕಿಕೊಳ್ಳಿ. ಒಂದು 18, ಸಂಬಳ ಬರಬಹುದಾದ ದಿನ. ಇನ್ನೊಂದು ಜುಲೈ 5, ಮುಂದಿನ ಬಾಡಿಗೆಯ ದಿನ. ಎರಡನೆಯದನ್ನು ಮುಟ್ಟಲೇಬಾರದು. ನಿಮ್ಮ ಅಗ್ರಿಮೆಂಟಿನಲ್ಲಿ "ಎರಡು ತಿಂಗಳು ಬಾಕಿಯಾದರೆ" ಎಂಬ ಕಲಮು ಇದೆಯಲ್ಲ, ಜೂನ್ ಬಾಡಿಗೆಯ ಒಂದು ಭಾಗ ಉಳಿದಿರುವಾಗಲೇ ಜುಲೈ ಬಾಡಿಗೆಯೂ ತಪ್ಪಿದರೆ ಅದನ್ನು ಹಿಡಿದು ವಾದ ಮಾಡಲು ಜಾಗ ಸಿಗುತ್ತದೆ. ಆಗಲೂ ಲಿಖಿತ ನೋಟಿಸ್ ಬೇಕು, ದಾವೆ ಬೇಕು. ದಾವೆಯ ವಿಚಾರಣೆಯಲ್ಲಿ ಬಾಕಿ, ಬಡ್ಡಿ, ಖರ್ಚು ಪೂರ್ತಿ ಕಟ್ಟಿದರೆ ಮನೆ ಉಳಿಸಿಕೊಡುವ ಅಧಿಕಾರವೂ ಕೋರ್ಟಿಗೆ ಇದೆ. ಆದರೂ ಈಗ 4,000 ಕೊಟ್ಟ ಮೇಲೆ ಉಳಿಯುವ 10,000 ರೂಪಾಯಿಗಾಗಿ ಆ ದಾರಿ ಯಾಕೆ?

18ರ ಮೇಲೆ ಎಷ್ಟು ದಿನ ಬಿಡಬೇಕು? ಈಗ ಬ್ಯಾಂಕ್ ವರ್ಗಾವಣೆ ಭಾನುವಾರವೂ ಆಗುತ್ತದೆ, ಆದರೆ ಸಂಬಳದ ಫೈಲಿಗೆ ಒಪ್ಪಿಗೆ ಕೊಡುವ ಅಕೌಂಟ್ಸಿನವರು ಭಾನುವಾರ ಕೂರುವುದಿಲ್ಲ. "18ರೊಳಗೆ" ಎಂದದ್ದು 19ರ ಸಂಜೆಗೆ ಜಾರಿದರೆ ಶನಿವಾರ, ಭಾನುವಾರ ನಡುವೆ ಬರುತ್ತವೆ. ಹಾಗಾಗಿ ನಾನು 22, ಸೋಮವಾರ ಎನ್ನುತ್ತೇನೆ. ನಾಲ್ಕು ದಿನದ ಉಸಿರು. ಇದಕ್ಕಿಂತ ಹಿಂದೆ ಇಟ್ಟರೆ ಇಕ್ಕಟ್ಟು, 30 ಎಂದರೆ ಜುಲೈ 5ಕ್ಕೆ ತೀರಾ ಹತ್ತಿರ. ಸಂಬಳ 18ಕ್ಕೇ ಬಂದರೆ 18ಕ್ಕೇ ಹಾಕಿಬಿಡಿ. ಹೇಳಿದ ದಿನಕ್ಕಿಂತ ಮೊದಲು ಕೊಟ್ಟರೆ ಯಾರೂ ಬೇಜಾರು ಮಾಡುವುದಿಲ್ಲ ಅಲ್ವಾ?

22ಕ್ಕೂ ಸಂಬಳ ಬರದಿದ್ದರೆ? ಇದಕ್ಕೆ ಉತ್ತರ ಇಲ್ಲದೆ ಓನರ್ ಮನೆ ಮೆಟ್ಟಿಲು ಹತ್ತಬೇಡಿ. ತಾರೀಖು ಗಟ್ಟಿಯಾಗುವುದು ಅದರ ಹಿಂದೆ ಇನ್ನೊಂದು ದುಡ್ಡಿನ ಮೂಲ ಇದ್ದಾಗ. ಅಣ್ಣನೋ ಚಿಕ್ಕಮ್ಮನೋ 22ಕ್ಕೆ 10,000 ಕೊಡಲು ಒಪ್ಪಿದ್ದಾರಾ? ಇಲ್ಲವಾದರೆ ಅಮ್ಮನ ಒಂದು ಉಂಗುರ ಇದೆಯಾ? ಈಗಿನ ಚಿನ್ನದ ದರದಲ್ಲಿ 10,000ಕ್ಕೆ ಸಣ್ಣ ಉಂಗುರವೇ ಸಾಕು. ನಮ್ಮ ಜಿಲ್ಲೆಯಲ್ಲಿ ಚಿನ್ನ ಅಡವಿಟ್ಟು ಸಾಲ ಕೊಡುವ ಸಹಕಾರಿ ಸಂಘಗಳಿಗೆ ಕೊರತೆ ಇಲ್ಲ. ಮೊಬೈಲ್ ಆಪ್ ಸಾಲದ ಕಡೆ ಮಾತ್ರ ಹೋಗಬೇಡಿ. ಹದಿನೈದು ದಿನಕ್ಕೆಂದು ತೆಗೆದದ್ದನ್ನು ತೀರಿಸಲು ಇನ್ನೊಂದು ಆಪ್ ತೆರೆಯುವವರು ಇದ್ದಾರೆ.

ಈಗ ಕೈಯಲ್ಲಿರುವ ದುಡ್ಡಿಗೆ ಬನ್ನಿ. 11,500ರಲ್ಲಿ ಸ್ಕೂಟರ್ ಕಂತಿನ 3,200 ಮುಟ್ಟಬೇಡಿ. ಕಂತು ಖಾತೆಯಿಂದ ತಾನಾಗಿ ಹೋಗುವಂಥದ್ದು, ಅಲ್ಲಿ ಮಾತಾಡಲು ಮನುಷ್ಯರಿಲ್ಲ. ಬೌನ್ಸ್ ಆದರೆ ದಂಡವೂ ಬೀಳುತ್ತದೆ, ಸಾಲದ ದಾಖಲೆಯಲ್ಲೂ ಕೂರುತ್ತದೆ. ಓನರ್ ಹತ್ತಿರ ಮಾತಾಡಬಹುದು. ಉಳಿದ 8,300ರಲ್ಲಿ 4,000 ಬಾಡಿಗೆಗೆ ಈಗಲೇ ಕೊಡಿ. 4,300 ನಿಮ್ಮಿಬ್ಬರ ಊಟ, ಪೆಟ್ರೋಲು, ಅಮ್ಮನ ಔಷಧಿಗೆ. ಬಿಗಿ, ಆದರೆ ಎರಡು ವಾರ ದಾಟಬಹುದು. ಪೂರ್ತಿ 8,000 ಕೊಟ್ಟು ಹೀರೋ ಆಗಬೇಡಿ. ಮೂರೇ ದಿನಕ್ಕೆ ಯಾರದೋ ಕೈಗಡ ಬೇಕಾಗುತ್ತದೆ.

4,000 ಯಾಕೆ, 22ಕ್ಕೆ ಒಟ್ಟಿಗೇ ಕೊಟ್ಟರಾಗದೇ ಎಂದು ಕೇಳಬಹುದು. ಆಗುತ್ತದೆ. ಆದರೆ 5ರೊಳಗೆ ಖಾತೆಗೆ ಬಿದ್ದ ಒಂದು ಮೊತ್ತ ಓನರ್‌ಗೆ ಬೇರೆ ಯಾವ ವಿವರಣೆಗಿಂತ ಜಾಸ್ತಿ ಧೈರ್ಯ ಕೊಡುತ್ತದೆ. ಹಾಗೆ ಕೊಡುವಾಗ ಯುಪಿಐನಲ್ಲಿ ಷರಾ ಬರೆಯುವ ಜಾಗದಲ್ಲಿ "ಜೂನ್ ಬಾಡಿಗೆ, ಭಾಗ" ಎಂದು ಹಾಕಿ. ಇದು ಸುಮ್ನೆ ಶಿಸ್ತಿಗಾಗಿ ಹೇಳುವುದಲ್ಲ. ಯಾವ ಬಾಕಿಗೆ ಕೊಡುತ್ತಿದ್ದೇನೆ ಎಂದು ಕೊಡುವವರು ಹೇಳಿದರೆ ಅದಕ್ಕೇ ಜಮೆ ಮಾಡಿಕೊಳ್ಳಬೇಕು, ಹೇಳದಿದ್ದರೆ ಪಡೆಯುವವರು ತಮಗೆ ಬೇಕಾದ ಬಾಕಿಗೆ ಹಚ್ಚಬಹುದು. ಒಪ್ಪಂದ ಕಾಯ್ದೆಯ ಲೆಕ್ಕ ಅದು. ಹಳೆಯ ನೀರಿನ ಬಿಲ್ಲೋ ಮೇಂಟೆನೆನ್ಸೋ ಬಾಕಿ ಇದ್ದರೆ ನಿಮ್ಮ 4,000 ಅಲ್ಲಿಗೆ ಹೋಗಿ, ಜೂನ್ ಬಾಡಿಗೆ ಪೂರ್ತಿ ಬಾಕಿ ಎಂದಾಗುವುದು ಬೇಡ. ನಗದು ಕೊಡುವುದಾದರೆ ರಸೀದಿ, ಅಥವಾ ಕನಿಷ್ಠ ಒಂದು ವಾಟ್ಸ್ಆಪ್ ಮೆಸೇಜ್ ತೆಗೆದುಕೊಳ್ಳಿ.

ದಿನಕ್ಕೆ 100 ರೂಪಾಯಿಯ ಲೇಟ್ ಫೀ ಬಗ್ಗೆ ಜನ ಮಾತೇ ಆಡುವುದಿಲ್ಲ. ಓನರ್ "ಆಯ್ತು, 22ಕ್ಕೆ ಕೊಡಿ" ಎನ್ನುತ್ತಾರೆ. ಲೇಟ್ ಫೀ ಬಿಟ್ಟರು ಎಂದು ನೀವು ತಿಳಿದುಕೊಳ್ಳುತ್ತೀರಿ. ಬಿಡಲಿಲ್ಲ ಎಂದು ಅವರು ತಿಳಿದುಕೊಂಡಿರುತ್ತಾರೆ. 6ರಿಂದ 22ರವರೆಗೆ 17 ದಿನ, 1,700 ರೂಪಾಯಿ. ಇದು ಮನೆ ಬಿಡುವಾಗ ಅಡ್ವಾನ್ಸಿನ ಲೆಕ್ಕದಲ್ಲಿ ಎದ್ದು ಬರುತ್ತದೆ, ಆಗ ಜಗಳ. ಒಪ್ಪಂದದಲ್ಲಿ ಬರೆದ ದಂಡ ಇದೆ ಎಂದ ಮಾತ್ರಕ್ಕೆ ಅಷ್ಟೂ ಸಿಗುವುದಿಲ್ಲ, ಒಪ್ಪಂದ ಕಾಯ್ದೆಯ 74ನೇ ಕಲಮಿನಡಿ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರವನ್ನು ಮಾತ್ರ ಎಂಬುದು ಸರಿ. ಆದರೆ 1,700ಕ್ಕೆ ಯಾರು ಕೋರ್ಟಿಗೆ ಹೋಗುತ್ತಾರೆ? ಮೊದಲೇ ಬಾಯಿಬಿಟ್ಟು ಕೇಳಿ: "ಈ ಸಲ ಲೇಟ್ ಫೀ ಬಿಡ್ತೀರಾ ಅಂಕಲ್?"

ಇಲ್ಲ ಎಂದರೆ ಲೆಕ್ಕ ತಿರುಗುತ್ತದೆ. 10,000 ರೂಪಾಯಿ ಚಿನ್ನದ ಸಾಲಕ್ಕೆ ವರ್ಷಕ್ಕೆ ಶೇಕಡಾ 12 ಬಡ್ಡಿ ಎಂದು ಹಿಡಿದರೂ ತಿಂಗಳಿಗೆ 100 ರೂಪಾಯಿ. ಲೇಟ್ ಫೀ ದಿನಕ್ಕೆ 100. ಚಿನ್ನ ತೂಗಿ ನೋಡುವವರ ಶುಲ್ಕ ಸೇರಿಸಿದರೂ ಉಂಗುರ ಅಡವಿಟ್ಟು 5ಕ್ಕೇ ಬಾಡಿಗೆ ಮುಗಿಸುವುದು ಅಗ್ಗ. ಹಾಗಾಗಿ 5ಕ್ಕಿಂತ ಎರಡು ಮೂರು ದಿನ ಮೊದಲೇ ಮಾತಾಡಿ. 5ರ ರಾತ್ರಿ ಕೇಳಿದರೆ ಈ ದಾರಿ ಉಳಿದಿರುವುದಿಲ್ಲ.

ಮೇಲಿನ ಮನೆಯಲ್ಲೇ ಇದ್ದಾರಲ್ಲ, ಹೋಗಿ ಎದುರಿಗೇ ಹೇಳಿ. (ಓನರ್ ಮುಂಬೈಯಲ್ಲೋ ದುಬೈಯಲ್ಲೋ ಇದ್ದು, ಇಲ್ಲಿ ಅವರ ಭಾವನೋ ನಾದಿನಿಯೋ ಮನೆ ನೋಡಿಕೊಳ್ಳುವುದು ನಮ್ಮೂರಲ್ಲಿ ಸಾಮಾನ್ಯ. ಅಂಥ ಮನೆಯ ಬಾಡಿಗೆದಾರರು ದುಡ್ಡು ಯಾರ ಖಾತೆಗೆ ಹೋಗುತ್ತದೋ ಅವರಿಗೇ ನೇರ ಹೇಳಬೇಕು. ನಡುವಿನವರ "ನಾನು ಹೇಳ್ತೇನೆ" ಲೆಕ್ಕಕ್ಕಿಲ್ಲ.) ಕಾರಣ ಒಂದೇ ವಾಕ್ಯದಲ್ಲಿ ಸಾಕು. ಅಮ್ಮನ ಬಿಪಿ, ಸ್ಕೂಟರ್ ಕಂತು, ಕಂಪನಿಯ ಆರ್ಡರ್ ನಿಂತದ್ದು ಯಾವುದೂ ಬೇಡ. ಎಚ್‌ಆರ್ ಮೇಲನ್ನೂ ಫಾರ್ವರ್ಡ್ ಮಾಡಬೇಡಿ. ಅದು ಕಂಪನಿಯ ಒಳಗಿನ ಪತ್ರ, ಜೊತೆಗೆ ಅದನ್ನು ಓದಿದವರಿಗೆ ಮೊದಲು ಬರುವ ಯೋಚನೆ ಮುಂದಿನ ತಿಂಗಳ ಕಥೆ ಏನು ಎಂಬುದೇ. ಹಾಗೆಯೇ ಜೂನ್ ಮಳೆಗೆ ಬಾತ್‌ರೂಮ್ ಗೋಡೆ ಒಸರುತ್ತಿದ್ದರೆ ಆ ದೂರು ಇನ್ನೊಂದು ದಿನಕ್ಕೆ. ಎರಡನ್ನೂ ಒಟ್ಟಿಗೆ ಹೇಳಿದರೆ ರಿಪೇರಿ ಮಾಡಿಸದ್ದಕ್ಕೆ ಬಾಡಿಗೆ ತಡೆಹಿಡಿದ ಹಾಗೆ ಕಾಣುತ್ತದೆ.

ಮಾತಾಡಿ ಕೆಳಗೆ ಬಂದ ಕೂಡಲೇ 4,000 ಹಾಕಿ, ಹೀಗೊಂದು ಮೆಸೇಜ್ ಕಳಿಸಿ:

"ನಮಸ್ಕಾರ ಅಂಕಲ್. ಈಗ ಮಾತಾಡಿದ ಹಾಗೆ, ಕಂಪನಿಯ ಸಂಬಳ ಈ ಸಲ ತಡ ಇದೆ. ಜೂನ್ ಬಾಡಿಗೆ 14,000ದಲ್ಲಿ 4,000 ಈಗ ಹಾಕಿದ್ದೇನೆ. ಉಳಿದ 10,000 ಜೂನ್ 22, ಸೋಮವಾರ ಸಂಜೆಯೊಳಗೆ ನಿಮ್ಮ ಖಾತೆಗೆ ಹಾಕುತ್ತೇನೆ. ಇದು ಜೂನ್‌ಗೆ ಮಾತ್ರ. ಜುಲೈ ಬಾಡಿಗೆ 5ರೊಳಗೇ ಕೊಡುತ್ತೇನೆ. ನೀವು ಹೇಳಿದ ಹಾಗೆ ಈ ಸಲ ಲೇಟ್ ಫೀ ಇಲ್ಲ. ಸರಿ ಇದ್ದರೆ ಒಂದು 'ಆಯ್ತು' ಹಾಕಿ ಅಂಕಲ್."

ಇದರಲ್ಲಿ "ಸಂಬಳ ಬಂದ ಕೂಡಲೇ" ಎಂಬ ಮಾತಿಲ್ಲ, ಗಮನಿಸಿ. ಅದು ಸೇರಿದರೆ ತಾರೀಖು ಮತ್ತೆ ಕಂಪನಿಯದ್ದಾಗುತ್ತದೆ. ಅವರ "ಆಯ್ತು" ಬರುವುದು ಮುಖ್ಯ. ನೀಲಿ ಗೆರೆ ಬಿದ್ದರೆ ಓದಿದರು ಎಂದಷ್ಟೇ, ಒಪ್ಪಿದರು ಎಂದಲ್ಲ. ಮಾರನೇ ದಿನದವರೆಗೂ ಉತ್ತರ ಬರದಿದ್ದರೆ ಮೇಲೆ ಹೋಗಿ "ಮೆಸೇಜ್ ನೋಡಿದ್ರಾ ಅಂಕಲ್" ಎಂದು ಕೇಳಿ.

ಲೆಕ್ಕದ ಓನರ್ ಒಂದು ಷರತ್ತು ಹಾಕಬಹುದು: 22ರ ತಾರೀಖಿನ ಚೆಕ್ ಕೊಡಿ ಎಂದು. ಇಲ್ಲಿ ಜಾಗ್ರತೆ. ಬಾಕಿಗೆ ಕೊಟ್ಟ ಚೆಕ್ ದುಡ್ಡಿಲ್ಲದೆ ವಾಪಸಾದರೆ, ಬಾಡಿಗೆ ತಡ ಎಂಬ ಸಿವಿಲ್ ವಿಷಯ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಕೇಸಾಗಬಹುದು. ನೋಟಿಸ್ ಸಿಕ್ಕಿ 15 ದಿನದಲ್ಲಿ ಕಟ್ಟಿದರೆ ಅಲ್ಲಿಗೆ ಮುಗಿಯುತ್ತದೆ, ಆದರೂ ಬೇಡದ ತಲೆನೋವು. 22ಕ್ಕೆ ಬೇರೆ ಮೂಲ ಗಟ್ಟಿ ಇದ್ದರೆ ಮಾತ್ರ ಚೆಕ್ ಕೊಡಿ. ಕೊಟ್ಟರೆ ಹೆಸರು, ಮೊತ್ತ, ತಾರೀಖು ಎಲ್ಲ ತುಂಬಿ, ಹಿಂದೆ "ಜೂನ್ ಬಾಡಿಗೆ ಬಾಕಿ" ಎಂದು ಬರೆದು, ಫೋಟೋ ತೆಗೆದಿಟ್ಟುಕೊಳ್ಳಿ. ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ, ಎಷ್ಟು ಒಳ್ಳೆಯವರಾದರೂ. ದುಡ್ಡು ಯುಪಿಐಯಲ್ಲಿ ಹಾಕಿದ ದಿನವೇ ಚೆಕ್ ವಾಪಸ್ ತೆಗೆದುಕೊಳ್ಳಿ.

ಸಂಬಳ ಬಂದ ದಿನ ಇನ್ನೊಂದು ಕೆಲಸ ಇದೆ. 38,000ದಲ್ಲಿ 10,000 ಬಾಕಿಗೆ ಹೋಗುತ್ತದೆ. ಜುಲೈ ಬಾಡಿಗೆಯ 14,000ವನ್ನೂ ಅವತ್ತೇ ಪಕ್ಕಕ್ಕಿಡಿ. ಮೇ ಸಂಬಳ 18ಕ್ಕೆ ಕೊಡುವ ಕಂಪನಿ ಜೂನ್ ಸಂಬಳವನ್ನು ಜುಲೈ 1ಕ್ಕೆ ಕೊಡುತ್ತದೆ ಎಂದು ನಂಬುವುದು ಕಷ್ಟ. ಉಳಿಯುವುದು 14,000. ಜುಲೈ 10ರ ಕಂತು 3,200 ಕಳೆದರೆ 10,800ರಲ್ಲಿ ಮುಂದಿನ ಸಂಬಳದವರೆಗೆ ಮನೆ ನಡೆಯಬೇಕು. ಇದು ಸಾಧ್ಯವೇ ಇಲ್ಲ ಎಂದು ನಿಮಗೆ ಈಗಲೇ ಅನಿಸಿದರೆ, ಓನರ್ ಹತ್ತಿರ 17 ದಿನ ಕೇಳಬೇಡಿ. ಜೂನ್‌ಗೊಂದು, ಜುಲೈಗೊಂದು ಎಂದು ಎರಡು ತಿಂಗಳ ತಾರೀಖನ್ನು ಒಮ್ಮೆಗೇ ಮಾತಾಡಿ. ಒಂದೇ ಸಲ ದೊಡ್ಡ ಸಮಯ ಕೇಳುವುದು ಎರಡು ಸಲ ಸಣ್ಣದು ಕೇಳುವುದಕ್ಕಿಂತ ಮೇಲು.

22ರ ತಾರೀಖು ಜಾರುತ್ತದೆ ಎಂದು ಗೊತ್ತಾದರೆ 20ಕ್ಕೇ ಹೇಳಿ, ಬರಿಗೈಯಲ್ಲಿ ಹೇಳಬೇಡಿ. ಉಂಗುರದ ದುಡ್ಡು ಇರುವುದು ಆ ದಿನಕ್ಕೆ.

ಇಷ್ಟೆಲ್ಲ ಹೇಳುವುದಕ್ಕೆ ಆಗಸ್ಟ್ ಕಾರಣ. ಬಾಡಿಗೆ ತಡವಾದ್ದಕ್ಕೆ ಮನೆಯಿಂದ ಹೊರಗೆ ಹಾಕುವುದು ಓನರ್‌ಗೆ ಕಷ್ಟ. ಅವಧಿ ಮುಗಿದ ಅಗ್ರಿಮೆಂಟನ್ನು ಮುಂದುವರಿಸದೆ ಇರುವುದು ಸುಲಭ, ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಅಗ್ರಿಮೆಂಟ್ ಇಲ್ಲದೆ ತಿಂಗಳಿಂದ ತಿಂಗಳಿಗೆ ಬಾಡಿಗೆ ಕೊಟ್ಟುಕೊಂಡು ಹೋದರೆ ಇನ್ನೂ ಸಡಿಲ, 15 ದಿನದ ನೋಟಿಸಿನಲ್ಲಿ ಬಾಡಿಗೆ ಸಂಬಂಧ ಮುಗಿಸಬಹುದು.

ಹೊಸ ಅಗ್ರಿಮೆಂಟ್ ಮಾತಿಗೆ ಬಂದಾಗ ಬಾಡಿಗೆ ದಿನವನ್ನು 5ರಿಂದ 10ಕ್ಕೆ ಹಾಕಿ ಎಂದು ಕೇಳಿ. ಕೇಳಲು ಕಾರಣವೂ ಇದೆ. 2025ರ ನವೆಂಬರ್‌ನಿಂದ ಜಾರಿಯಲ್ಲಿರುವ ವೇತನ ಸಂಹಿತೆಯಲ್ಲಿ ತಿಂಗಳ ಸಂಬಳ ಕೊಡಲು ಮುಂದಿನ ತಿಂಗಳ 7ನೇ ತಾರೀಖಿನವರೆಗೆ ಕಂಪನಿಗೆ ಸಮಯ ಇದೆ. ಅಂದರೆ ಕಂಪನಿ ಕಾನೂನು ಪಾಲಿಸಿ 7ಕ್ಕೆ ಸಂಬಳ ಕೊಟ್ಟರೂ ನಿಮ್ಮ 5ರ ಬಾಡಿಗೆ ತಪ್ಪುತ್ತದೆ. 18 ಅಂತೂ ಕಾನೂನಿಗೂ ಹೊರಗೆ. ಆ ವಿಷಯ ಎಚ್‌ಆರ್ ಹತ್ತಿರ, ಬೇಕಾದರೆ ಕಾರ್ಮಿಕ ಇಲಾಖೆಯಲ್ಲಿ ಎತ್ತಬಹುದು. ದಿನಕ್ಕೆ 100ರ ಲೇಟ್ ಫೀಯನ್ನೂ ಆಗಲೇ ತಿಂಗಳಿಗೆ ಇಷ್ಟು ಎಂದು ಒಂದು ಮಿತಿಗೆ ಇಳಿಸಿಕೊಳ್ಳಿ. ಜೂನ್ 22 ಸರಿಯಾಗಿ ನಡೆದಿದ್ದರೆ ಇವೆರಡನ್ನೂ ಕೇಳಲು ನಿಮಗೆ ಸಂಕೋಚ ಇರುವುದಿಲ್ಲ.